ಬಲಗಾಲ ಮೇಲೆ ಭಾರ ಬಿದ್ದರೆ ಎಡ ಟೊಂಕ ಯಾಕೆ ಜಾರುತ್ತದೆ?

ಪ್ರಶ್ನೆ: ನಮಸ್ಕಾರ್ರಿ ಸರ್. ನಂದು ಮುಧೋಳ ಹತ್ತಿರ ಹಳ್ಳಿ, ವಿಜಯಪುರದಾಗ ಡಿಗ್ರಿ ಓದಕೋಂತ ಸೈಕ್ಲಿಂಗ್ ಪ್ರ್ಯಾಕ್ಟೀಸ್ ಮಾಡ್ತೀನಿ. ವಯಸ್ಸು 20, ತೂಕ 60 ಕೆಜಿ. ಜಿಮ್‌ನಾಗ 80 ಕೆಜಿ ಹೆಗಲ ಮ್ಯಾಲೆ ಹಾಕ್ಕೊಂಡು ಸ್ಕ್ವಾಟ್ ಆರಾಮ ಹೊಡಿತೀನಿ. ಆದ್ರ ಸ್ಪ್ಲಿಟ್ ಸ್ಕ್ವಾಟ್‌ನಾಗ ಬಲಗಾಲು ಮುಂದಿಟ್ರ ಎಡಗಡೆ ಟೊಂಕ ಕೆಳಗ ಜಾರತೈತಿ, ಬಲ ಮೊಣಕಾಲು ಒಳಗ ವಾಲತೈತಿ. ಎಡಗಾಲು ಮುಂದಿಟ್ರ ಏನೂ ಆಗಂಗಿಲ್ಲ. ಜಿಮ್ ಗೆಳೆಯಾ "ನಿನ್ನ ಎಡಗಡೆ ವೀಕ್ ಐತಿ, ಎಡಗಾಲಿಗೆ ಜಾಸ್ತಿ ಮಾಡು" ಅಂತಾನ. ನೋವೇನಿಲ್ರಿ. ಏನ ಮಾಡ್ಲಿ?

ಉತ್ತರ: ನಿಮ್ಮ ಗೆಳೆಯ ನೋಡಿದ್ದು ಸರಿ, ಅರ್ಥ ಮಾಡಿಕೊಂಡದ್ದು ತಿರುವುಮುರುವು. ಜಾರುವುದು ಎಡಗಡೆ, ಆದರೆ ಅದನ್ನು ಜಾರದಂತೆ ಹಿಡಿಯಬೇಕಾದ ಸ್ನಾಯು ಇರುವುದು ಬಲಗಡೆ. ಅವನ ಮಾತು ಕೇಳಿ ಎಡಗಾಲಿಗೆ ಹೆಚ್ಚು ವ್ಯಾಯಾಮ ಕೊಟ್ಟರೆ ಗಟ್ಟಿ ಇರುವ ಕಡೆ ಇನ್ನಷ್ಟು ಗಟ್ಟಿಯಾಗಿ, ಎರಡರ ನಡುವಿನ ಅಂತರ ಹೆಚ್ಚುತ್ತದೆ.

ಮೊದಲು ಆ ಸ್ನಾಯು ಎಲ್ಲಿದೆ ಎಂದು ಕೈಯಿಂದಲೇ ತಿಳಿದುಕೊಳ್ಳಿ. ಉಡದಾರ ಕಟ್ಟುವ ಜಾಗದಿಂದ ಸ್ವಲ್ಪ ಕೆಳಗೆ, ಪಕ್ಕಕ್ಕೆ ಬೆರಳು ಒತ್ತಿದರೆ ಟೊಂಕದ ಎಲುಬಿನ ಅಂಚು ಸಿಗುತ್ತದೆ. ಅಲ್ಲಿಂದ ಸುಮಾರು ಒಂದು ಗೇಣು ಕೆಳಗೆ, ಪ್ಯಾಂಟಿನ ಜೇಬಿನ ಹತ್ತಿರ, ತೊಡೆಯ ಎಲುಬಿನ ಗಟ್ಟಿ ಉಬ್ಬು ಸಿಗುತ್ತದೆ. ಈ ಎರಡರ ನಡುವೆ ಹರಡಿಕೊಂಡಿರುವುದೇ ಗ್ಲೂಟಿಯಸ್ ಮೀಡಿಯಸ್. ಅದರ ಅಡಿಯಲ್ಲಿ ಅದೇ ಕೆಲಸದ ಚಿಕ್ಕ ಸ್ನಾಯು ಗ್ಲೂಟಿಯಸ್ ಮಿನಿಮಸ್ ಇದೆ. ಈಗ ಬಲ ಅಂಗೈಯನ್ನು ಬಲ ಪಕ್ಕದಲ್ಲಿ ಅಲ್ಲಿಯೇ ಇಟ್ಟುಕೊಂಡು ಎಡಗಾಲನ್ನು ನೆಲದಿಂದ ಎರಡು ಬೆರಳಿನಷ್ಟು ಎತ್ತಿ. ಎತ್ತಿದ್ದು ಎಡಗಾಲು, ಆದರೆ ಬಲ ಅಂಗೈ ಅಡಿಯಲ್ಲಿ ಏನೋ ಬಿಗಿಯಾದದ್ದು ಗೊತ್ತಾಗುತ್ತದೆ. ನಿಮ್ಮ ಗೆಳೆಯನಿಗೂ ಇದನ್ನೊಮ್ಮೆ ಮಾಡಿಸಿ, ವಾದ ಮಾಡುವ ಅಗತ್ಯ ಬೀಳುವುದಿಲ್ಲ.

ಪುಸ್ತಕಗಳಲ್ಲಿ ಈ ಸ್ನಾಯುವಿನ ಕೆಲಸ "ಕಾಲನ್ನು ಪಕ್ಕಕ್ಕೆ ಎತ್ತುವುದು" ಎಂದು ಬರೆದಿರುತ್ತದೆ. ಕಾಲು ಗಾಳಿಯಲ್ಲಿದ್ದಾಗ ಅದು ನಿಜ. ಆದರೆ ಪಾದ ನೆಲಕ್ಕೆ ಊರಿದ್ದು, ಮೈಭಾರವೆಲ್ಲ ಅದರ ಮೇಲಿದ್ದರೆ ಕಾಲು ಎಲ್ಲಿಗೂ ಹೋಗುವಂತಿಲ್ಲ. ಆಗ ಸ್ನಾಯು ತನ್ನ ಇನ್ನೊಂದು ತುದಿಯನ್ನು, ಅಂದರೆ ಟೊಂಕದ ಎಲುಬಿನ ಬಲ ಅಂಚನ್ನು, ತೊಡೆಯ ಕಡೆಗೆ ಕೆಳಕ್ಕೆ ಎಳೆಯುತ್ತದೆ. ಬಲ ಅಂಚು ಕೆಳಗೆ ಬಂದರೆ ಎಡ ಅಂಚು ಮೇಲೇಳುತ್ತದೆ. ಪೆಲ್ವಿಸ್, ಅಂದರೆ ಟೊಂಕದ ಎಲುಬುಗೂಡು, ಬಲ ಚಪ್ಪೆಯ ಕೀಲಿನ ಮೇಲೆ ಕುಳಿತ ತಕ್ಕಡಿ. ಒಂದು ಕಡೆ ಮೈಭಾರ ತೂಗುತ್ತದೆ, ಇನ್ನೊಂದು ಕಡೆ ಸ್ನಾಯು ಎಳೆದು ಹಿಡಿಯುತ್ತದೆ. ಆದರೆ ಈ ತಕ್ಕಡಿಯ ಎರಡು ತೋಳು ಒಂದೇ ಉದ್ದ ಇಲ್ಲ. ಇಡೀ ವಿಷಯದ ಗುಟ್ಟು ಇರುವುದು ಅಲ್ಲಿ.

ನಿಮ್ಮದೇ ತೂಕ ಇಟ್ಟುಕೊಂಡು ಲೆಕ್ಕ ಹಾಕೋಣ. ನೀವು 60 ಕೆಜಿ. ಒಂದು ಕಾಲಿನ ತೂಕ ಮೈತೂಕದ ಆರನೇ ಒಂದು ಭಾಗದಷ್ಟು, ಅಂದರೆ 10 ಕೆಜಿ. ಬಲಗಾಲ ಮೇಲಷ್ಟೇ ನಿಂತಾಗ ಬಲ ಚಪ್ಪೆಯ ಕೀಲು ಹೊರಬೇಕಾದದ್ದು ಉಳಿದ 50 ಕೆಜಿ. ಆ 50 ಕೆಜಿಯ ಮಧ್ಯಬಿಂದು ಬಲ ಕೀಲಿನಿಂದ ಎಡಕ್ಕೆ ಹೆಚ್ಚುಕಡಿಮೆ 10 ಸೆಂ.ಮೀ. ದೂರದಲ್ಲಿ ಇರುತ್ತದೆ. ಸ್ನಾಯು ಎಳೆಯುವ ಗೆರೆ ಮಾತ್ರ ಕೀಲಿನಿಂದ ಬಲಕ್ಕೆ ಸುಮಾರು 5 ಸೆಂ.ಮೀ. ದೂರದಲ್ಲಿದೆ. ತೋಳು ಅರ್ಧ ಇರುವುದರಿಂದ ಬಲ ಎರಡು ಪಟ್ಟು ಬೇಕು. 50 ಕೆಜಿಯನ್ನು ಸಮ ಹಿಡಿಯಲು ಆ ಸ್ನಾಯುಗಳು 100 ಕೆಜಿ ತೂಕದಷ್ಟು ಎಳೆಯಬೇಕು, ಅದೂ ಕೈಯಲ್ಲಿ ಏನೂ ಇಲ್ಲದೆ, ಸುಮ್ಮನೆ ನಿಂತಾಗ. ಒಬ್ಬೊಬ್ಬರ ಎಲುಬಿನ ಅಳತೆ ಬೇರೆ ಬೇರೆ ಇರುವುದರಿಂದ ಅಂಕಿ ಹಿಂದೆ ಮುಂದೆ ಆಗಬಹುದು, ಆದರೆ ಮೈತೂಕಕ್ಕಿಂತ ಹೆಚ್ಚು ಎಳೆಯಬೇಕೆಂಬ ಮಾತು ಬದಲಾಗದು.

80 ಕೆಜಿ ಸ್ಕ್ವಾಟ್ ಈ ಕೊರತೆಯನ್ನು ಯಾಕೆ ತೋರಿಸಲಿಲ್ಲ ಎಂಬುದೂ ಇದರಿಂದಲೇ ತಿಳಿಯುತ್ತದೆ. ಎರಡೂ ಪಾದ ನೆಲದ ಮೇಲಿದ್ದಾಗ ಪೆಲ್ವಿಸ್‌ಗೆ ಎರಡೂ ಕಡೆ ಆಧಾರ ಇರುತ್ತದೆ, ಪಕ್ಕಕ್ಕೆ ಜಾರುವ ಪ್ರಶ್ನೆಯೇ ಹೆಚ್ಚು ಬರುವುದಿಲ್ಲ. ಬಾರ್‌ಗೆ ಇನ್ನೂ 20 ಕೆಜಿ ಸೇರಿಸಿದರೂ ಕೆಲಸ ಹೆಚ್ಚುವುದು ತೊಡೆಯ ಮುಂಭಾಗಕ್ಕೆ, ಪೃಷ್ಠದ ದೊಡ್ಡ ಸ್ನಾಯುವಿಗೆ. ಸೈಕಲ್ ಮೇಲೂ ಹಾಗೆಯೇ. ಸೀಟಿನ ಮೇಲೆ ಕುಳಿತ ಹೊತ್ತೆಲ್ಲ ಪೆಲ್ವಿಸ್ ಅನ್ನು ಸೀಟೇ ಹೊತ್ತಿರುತ್ತದೆ. ವಿಜಯಪುರ, ಬಾಗಲಕೋಟೆ ಕಡೆಯ ಸೈಕಲ್ ಹುಡುಗರಲ್ಲಿ ನಾನು ಮೊದಲು ನೋಡುವುದೇ ಇದನ್ನು. ತೊಡೆ ನೋಡಿದರೆ ಕಂಬ, ಒಂಟಿಕಾಲಲ್ಲಿ ನಿಲ್ಲಿಸಿದರೆ ಟೊಂಕ ಅಲುಗುತ್ತದೆ. ವರ್ಷಗಟ್ಟಲೆ ಕೂತು ತುಳಿದ ದೇಹಕ್ಕೆ ಪಕ್ಕದ ಈ ಸ್ನಾಯುವಿನ ಕೆಲಸ ಕಡಿಮೆಯೇ ಬಿದ್ದಿರುತ್ತದೆ.

ನಿಮ್ಮ ಬಲ ಮೊಣಕಾಲು ಒಳಗೆ ವಾಲುವುದು ಬೇರೆ ಕಾಯಿಲೆ ಅಲ್ಲ, ಇದರದೇ ಇನ್ನೊಂದು ತುದಿ. ಮೊಣಕಾಲು ಮಡಚಿ ಕೆಳಗಿಳಿದಂತೆ ಚಪ್ಪೆಯೂ ಮಡಚುತ್ತದೆ. ಆಗ ಗ್ಲೂಟಿಯಸ್ ಮೀಡಿಯಸ್‌ನ ಮುಂದಿನ ಎಳೆಗಳು ತೊಡೆಯನ್ನು ಒಳಕ್ಕೆ ತಿರುಗಿಸುವ ಕಡೆಗೇ ಹೆಚ್ಚು ಎಳೆಯತೊಡಗುತ್ತವೆ. ತೊಡೆ ಒಳಗೆ ತಿರುಗದಂತೆ ಹಿಡಿಯುವ ಹೊಣೆ ಪೃಷ್ಠದ ದೊಡ್ಡ ಸ್ನಾಯು ಮತ್ತು ಅದರ ಅಡಿಯ ಚಿಕ್ಕ ಸ್ನಾಯುಗಳ ಮೇಲೆ ಬೀಳುತ್ತದೆ. ಹಾಗಾಗಿ ನೆಟ್ಟಗೆ ನಿಂತಾಗ ಸಮ ಇರುವ ಎಷ್ಟೋ ಜನ ಕೆಳಗೆ ಇಳಿದಾಗ ತಪ್ಪುತ್ತಾರೆ, ಕೆಲವರು ನಿಂತಲ್ಲೇ ತಪ್ಪುತ್ತಾರೆ. ನೀವು ಯಾವ ಗುಂಪು ಎಂದು ನೋಡಿಕೊಳ್ಳಬೇಕು, ಯಾಕೆಂದರೆ ವ್ಯಾಯಾಮದ ಆಯ್ಕೆ ಅದರ ಮೇಲೆ ನಿಂತಿದೆ.

ನೋಡುವ ಬಗೆ ಹೇಳುತ್ತೇನೆ. ಬೆನ್ನಿನ ಕೆಳಭಾಗದಲ್ಲಿ, ಟೊಂಕದ ಎರಡೂ ಕಡೆ ಎರಡು ಸಣ್ಣ ಗುಳಿ ಇರುತ್ತವೆ. ಆ ಎರಡರ ಮೇಲೂ ಬಿಳಿ ಟೇಪಿನ ತುಂಡು ಅಂಟಿಸಲು ಯಾರಿಗಾದರೂ ಹೇಳಿ. ಮೊಬೈಲನ್ನು ನಿಮ್ಮ ಹಿಂದೆ ಎರಡು ಮೀಟರ್ ದೂರದಲ್ಲಿ, ಟೊಂಕದ ಎತ್ತರಕ್ಕೆ ನೆಟ್ಟಗೆ ನಿಲ್ಲಿಸಿ ವಿಡಿಯೊ ಹಾಕಿ. ಮೊದಲು ಎರಡೂ ಕಾಲ ಮೇಲೆ ನಿಲ್ಲಿ. ಆಗಲೇ ಎಡ ಟೇಪು ಕೆಳಗಿದ್ದರೆ ಇದು ಬರೀ ಸ್ನಾಯುವಿನ ಪ್ರಶ್ನೆಯಲ್ಲ, ಕಾಲಿನ ಉದ್ದದಲ್ಲಿ ವ್ಯತ್ಯಾಸ ಇರಬಹುದು. ಅದನ್ನು ಮೊದಲು ಅಳತೆ ಮಾಡಿಸಿ. ಸಮ ಇದ್ದರೆ ಎಡ ಮೊಣಕಾಲನ್ನು ಹಿಂದಕ್ಕೆ ಮಡಚಿ ಬಲಗಾಲ ಮೇಲೆ 30 ಸೆಕೆಂಡು ನಿಲ್ಲಿ. ಇದು ಹೊಸದೇನಲ್ಲ, ಜರ್ಮನಿಯ ಶಸ್ತ್ರವೈದ್ಯ ಫ್ರೀಡ್ರಿಚ್ ಟ್ರೆಂಡೆಲೆನ್‌ಬರ್ಗ್ 1895ರಲ್ಲಿ ವಿವರಿಸಿದ ಲಕ್ಷಣವನ್ನೇ ವೈದ್ಯರು ಇಂದಿಗೂ ಹೀಗೆ ನೋಡುತ್ತಾರೆ. ಕಾಲು ಎತ್ತಿದ ತಕ್ಷಣ ಎಡ ಟೇಪು ಇಳಿದರೆ ಶಕ್ತಿಯೇ ಸಾಲದು. ಹದಿನೈದು ಇಪ್ಪತ್ತು ಸೆಕೆಂಡು ಸಮ ಇದ್ದು ಆಮೇಲೆ ಇಳಿದರೆ ಶಕ್ತಿ ಇದೆ, ತಾಳಿಕೆ ಸಾಲದು.

ವಿಡಿಯೊದಲ್ಲಿ ಟೇಪಷ್ಟೇ ನೋಡಿದರೆ ಮೋಸ ಹೋಗುತ್ತೀರಿ, ಭುಜವನ್ನೂ ನೋಡಿ. ಬಲ ಸ್ನಾಯುವಿಗೆ ಆಗದಿದ್ದಾಗ ದೇಹ ಒಂದು ಉಪಾಯ ಮಾಡುತ್ತದೆ. ಎದೆ, ತಲೆಯನ್ನೆಲ್ಲ ಬಲಕ್ಕೆ ವಾಲಿಸುತ್ತದೆ. ಲೆಕ್ಕ ನೋಡಿ: ಮೈಭಾರದ ಮಧ್ಯಬಿಂದು 5 ಸೆಂ.ಮೀ. ಬಲಕ್ಕೆ ಸರಿದರೆ ಕೀಲಿನಿಂದ ಅದರ ದೂರ 10 ಇದ್ದದ್ದು 5 ಆಗುತ್ತದೆ, ಸ್ನಾಯು ಎಳೆಯಬೇಕಾದದ್ದು 100 ಕೆಜಿಯಿಂದ 50ಕ್ಕೆ ಇಳಿಯುತ್ತದೆ. ಟೇಪು ಸಮ ಇರುತ್ತದೆ, ಸ್ನಾಯು ಅರ್ಧ ರಜೆಯಲ್ಲಿರುತ್ತದೆ. ಕನ್ನಡಿ ಮುಂದೆ ನಿಂತು "ಟೊಂಕ ಸಮ ಇಡು, ಸಮ ಇಡು" ಎಂದು ಹೇಳಿ ಮಾಡಿಸಿದಾಗ ಬಹಳ ಜನ ಕಲಿಯುವುದು ಇದೇ ವಾಲುವಿಕೆಯನ್ನು. ಜಾರುವ ಟೊಂಕಕ್ಕಿಂತ ಇದನ್ನು ಪತ್ತೆಹಚ್ಚುವುದು ಕಷ್ಟ, ಹೀಗಾಗಿ ನಾನು ಇದಕ್ಕೆ ಹೆಚ್ಚು ಹೆದರುತ್ತೇನೆ.

ಈಗ ಸ್ಪ್ಲಿಟ್ ಸ್ಕ್ವಾಟ್‌ಗೆ ಬರೋಣ. ಇದು ಪೂರ್ತಿ ಒಂಟಿಕಾಲಿನ ವ್ಯಾಯಾಮ ಅಲ್ಲ, ಹಿಂದಿನ ಪಾದವೂ ಸ್ವಲ್ಪ ಭಾರ ಹೊರುತ್ತದೆ. ಹಿಂದಿನ ಪಾದ ಎಷ್ಟು ಒತ್ತುತ್ತದೋ ಅಷ್ಟು ಬಲ ಟೊಂಕದ ಕೆಲಸ ಕಡಿಮೆಯಾಗುತ್ತದೆ. ನಿಮ್ಮ ಟೊಂಕ ಹಿಂದೆ ಆಧಾರ ಇದ್ದರೂ ಜಾರುತ್ತಿದೆ ಎಂದರೆ ಒಂಟಿಕಾಲ ಪರೀಕ್ಷೆಯಲ್ಲೂ ಜಾರುವ ಸಂಭವ ಹೆಚ್ಚು. ಮನೆಯಲ್ಲಿ ತೂಕ ನೋಡುವ ಯಂತ್ರ ಇದ್ದರೆ ಹಿಂದಿನ ಪಾದವನ್ನು ಅದರ ಮೇಲಿಟ್ಟು ಕೆಳಗಿಳಿಯಿರಿ. ನಿಮ್ಮ ತೂಕಕ್ಕೆ ಅದು 10ರಿಂದ 12 ಕೆಜಿ ತೋರಿಸಿದರೆ ಸರಿ. 25 ತೋರಿಸಿದರೆ ನೀವು ಎರಡೂ ಕಾಲ ಮೇಲೆಯೇ ನಿಂತಿದ್ದೀರಿ.

ಪಾದ ಇಡುವ ಜಾಗವನ್ನೂ ಸರಿಮಾಡಿಕೊಳ್ಳಿ. ಬಹಳ ಹುಡುಗರು ಎರಡೂ ಪಾದವನ್ನು ಒಂದೇ ಗೆರೆ ಮೇಲೆ ಹಿಂದೆ ಮುಂದೆ ಇಡುತ್ತಾರೆ. ಹಾಗಿಟ್ಟರೆ ಗಟ್ಟಿ ಟೊಂಕದವನೂ ಓಲಾಡುತ್ತಾನೆ, ಅದರಿಂದ ಏನೂ ತಿಳಿಯುವುದಿಲ್ಲ. ಹಿಂದಿನಿಂದ ನೋಡಿದಾಗ ಎರಡು ಪಾದದ ನಡುವೆ ಅಡ್ಡಕ್ಕೆ ಒಂದು ಗೇಣು ಅಂತರ ಇರಲಿ. ಮುಂದಿನ ಪಾದದಲ್ಲಿ ಹೆಬ್ಬೆರಳಿನ ಬುಡ, ಕಿರುಬೆರಳಿನ ಬುಡ, ಹಿಮ್ಮಡಿ ಮೂರೂ ನೆಲ ಬಿಡಬಾರದು. ಇನ್ನೊಂದು, ಸೈಕಲ್ ತುಳಿಯುವವರಿಗೆ ತೊಡೆಯ ಮುಂಭಾಗ ಬಿಗಿಯಾಗಿರುವುದು ಸಾಮಾನ್ಯ. ಹಿಂದಿಟ್ಟ ಎಡಗಾಲಿನ ತೊಡೆ ಬಿಗಿ ಇದ್ದರೆ ಅದು ಪೆಲ್ವಿಸ್‌ನ ಎಡಭಾಗವನ್ನು ಮುಂದಕ್ಕೆ, ಕೆಳಕ್ಕೆ ಎಳೆಯುತ್ತದೆ. ನೋಡುವವರಿಗೆ ಟೊಂಕ ಜಾರಿದಂತೆಯೇ ಕಾಣುತ್ತದೆ. ಬೇರ್ಪಡಿಸುವುದು ಸುಲಭ: ಹಿಂದಿನ ಪಾದವನ್ನು ಅರ್ಧ ಹೆಜ್ಜೆ ಹತ್ತಿರ ತಂದು ಅರ್ಧದಷ್ಟೇ ಕೆಳಗಿಳಿಯಿರಿ. ಜಾರುವುದು ನಿಂತರೆ ದೋಷ ಎಡ ತೊಡೆಯ ಬಿಗಿತದ್ದು ಇರಬಹುದು, ನಿಲ್ಲದಿದ್ದರೆ ಹೆಚ್ಚಾಗಿ ಬಲ ಟೊಂಕದ್ದು. ಬೆಂಚ್ ಮೇಲೆ ಹಿಂಗಾಲು ಇಟ್ಟು ಮಾಡುವ ಬಲ್ಗೇರಿಯನ್ ಸ್ಪ್ಲಿಟ್ ಸ್ಕ್ವಾಟ್ ಅನ್ನು ಸದ್ಯಕ್ಕೆ ಬಿಡಿ, ಅದರಲ್ಲಿ ಈ ಬಿಗಿತದ ಎಳೆತ ಇನ್ನೂ ಜಾಸ್ತಿ.

ಡಂಬೆಲ್ ಯಾವ ಕೈಯಲ್ಲಿ ಹಿಡಿಯಬೇಕು ಎಂದು ನೀವು ಕೇಳಿಲ್ಲ. ನಿಮ್ಮ ಸಮಸ್ಯೆಗೆ ಅದೇ ಮುಖ್ಯವಾದ ಪ್ರಶ್ನೆ. ಒಂಟಿಕಾಲ ಲೆಕ್ಕಕ್ಕೇ ಹೋಗೋಣ. ಬಲಗಾಲ ಮೇಲೆ ನಿಂತು 10 ಕೆಜಿ ಡಂಬೆಲ್ಲನ್ನು ಎಡಗೈಯಲ್ಲಿ ಹಿಡಿದಿರಿ ಅನ್ನಿ. ಅದು ಬಲ ಕೀಲಿನಿಂದ ಸುಮಾರು 35 ಸೆಂ.ಮೀ. ದೂರ ತೂಗುತ್ತದೆ. 35ಕ್ಕೆ ಸ್ನಾಯುವಿನ ತೋಳು 5, ಅಂದರೆ ಏಳು ಪಟ್ಟು. ಬರೀ 10 ಕೆಜಿಗೆ ಸ್ನಾಯು 70 ಕೆಜಿ ಹೆಚ್ಚು ಎಳೆಯಬೇಕು. ಒಟ್ಟು 170. ಅದೇ ಡಂಬೆಲ್ಲನ್ನು ಬಲಗೈಗೆ ಬದಲಿಸಿ. ಈಗ ಅದು ಕೀಲಿನ ಹೊರಗೆ, ಬಲಕ್ಕೆ 15 ಸೆಂ.ಮೀ. ದೂರ ತೂಗುತ್ತ ಸ್ನಾಯುವಿನ ಪರವಾಗಿಯೇ ಎಳೆಯುತ್ತದೆ. 30 ಕೆಜಿ ಕಡಿಮೆಯಾಗಿ 70ಕ್ಕೆ ಬರುತ್ತದೆ. ಎರಡೂ ಕೈಯಲ್ಲಿ ಹತ್ತು ಹತ್ತು ಹಿಡಿದರೆ 140. ತೊಡೆಗೆ ಬೀಳುವ ಭಾರ ಎಡಗೈ ಬಲಗೈ ಎರಡರಲ್ಲೂ ಒಂದೇ, ಟೊಂಕಕ್ಕೆ ಮಾತ್ರ ನೂರು ಕೆಜಿಯ ವ್ಯತ್ಯಾಸ. ಸ್ಪ್ಲಿಟ್ ಸ್ಕ್ವಾಟ್‌ನಲ್ಲಿ ಹಿಂದಿನ ಪಾದದ ಆಧಾರ ಇರುವುದರಿಂದ ಅಂಕಿಗಳು ಇದಕ್ಕಿಂತ ಕಡಿಮೆ, ದಿಕ್ಕು ಮಾತ್ರ ಇದೇ. ಮೊಣಕಾಲು ನೋಯುವ ಹಿರಿಯರಿಗೂ, ಚಪ್ಪೆ ಸವೆದವರಿಗೂ ಕೋಲನ್ನು ನೋವಿನ ವಿರುದ್ಧದ ಕೈಯಲ್ಲಿ ಹಿಡಿಯಿರಿ ಎನ್ನುವುದು ಇದೇ ಕಾರಣಕ್ಕೆ. ಬಲ ಚಪ್ಪೆ ನೋಯುವವರು ಎಡಗೈ ಕೋಲನ್ನು 5 ಕೆಜಿಯಷ್ಟು ಒತ್ತಿದರೂ ಸಾಕು, ಸ್ನಾಯುವಿನ ಎಳೆತ 35 ಕೆಜಿಯಷ್ಟು ಇಳಿಯುತ್ತದೆ. ನಮ್ಮ ಹಳ್ಳಿಗಳಲ್ಲಿ ಬಹುತೇಕರು ನೋಯುವ ಕಡೆಗೇ ಕೋಲು ಹಿಡಿದಿರುತ್ತಾರೆ. ನಿಮ್ಮ ಮನೆಯಲ್ಲಿ ಅಂಥ ಹಿರಿಯರಿದ್ದರೆ ಇವತ್ತೇ ಹೇಳಿ.

ನಿಮ್ಮ ಅಭ್ಯಾಸದ ಕ್ರಮವನ್ನು ನಾನು ಈ ಲೆಕ್ಕದ ಮೇಲೆಯೇ ಕಟ್ಟುತ್ತೇನೆ. ವಾರಕ್ಕೆ ಎರಡು ದಿನ ಸಾಕು, ನಡುವೆ ಎರಡು ದಿನವಾದರೂ ಬಿಡುವಿರಲಿ. ಮೊದಲು ಮೆಟ್ಟಿಲ ಅಂಚಿನ ವ್ಯಾಯಾಮ. ಬಲಗಾಲನ್ನು ಮೆಟ್ಟಿಲ ಅಂಚಿಗೆ ಊರಿ, ಎಡಗಾಲನ್ನು ಹೊರಗೆ ಗಾಳಿಯಲ್ಲಿ ಬಿಡಿ, ಗೋಡೆಗೆ ಬೆರಳ ತುದಿ ಮಾತ್ರ ತಾಗಿಸಿ. ಬಲ ಮೊಣಕಾಲು ಮಡಚದೆ ಎಡ ಟೊಂಕವನ್ನು ಮೂರು ಸೆಕೆಂಡಿನಲ್ಲಿ ಮೂರು ನಾಲ್ಕು ಸೆಂ.ಮೀ. ಕೆಳಗೆ ಬಿಡಿ, ಮತ್ತೆ ಬಲ ಪಕ್ಕದ ಸ್ನಾಯುವಿನಿಂದ ಸಮಕ್ಕೆ ತನ್ನಿ. ಹತ್ತು ಸಲ, ಮೂರು ಸೆಟ್. ಎಡ ಪಕ್ಕೆಯನ್ನು ಕುಗ್ಗಿಸಿ ಟೊಂಕ ಎತ್ತುವವರಿದ್ದಾರೆ, ಅವರಿಗೆ ದಣಿವು ಎಡ ಪಕ್ಕೆಯಲ್ಲಿ ಆಗುತ್ತದೆ. ಸರಿಯಾಗಿ ಮಾಡಿದರೆ ಉರಿ ಬರುವುದು ಬಲ ಜೇಬಿನ ಮೇಲ್ಭಾಗದಲ್ಲಿ.

ಆಮೇಲೆ ಸ್ಪ್ಲಿಟ್ ಸ್ಕ್ವಾಟ್, ಬಲಗಾಲು ಮುಂದೆ, ಎಂಟು ಸಲದ ಮೂರು ಸೆಟ್, ಇಳಿಯಲು ಮೂರು ಸೆಕೆಂಡು. ಶುರುವಿನಲ್ಲಿ ಡಂಬೆಲ್ ಬೇಡ, ಎಡಗೈಯಲ್ಲಿ ಕೋಲು ಊರಿಕೊಳ್ಳಿ. ಮೂರೂ ಸೆಟ್ ಟೇಪು ಸಮ, ಭುಜ ಸಮ ಬಂದ ಮೇಲೆ ಕೋಲು ಬಿಡಿ. ಕೋಲಿಲ್ಲದೆಯೂ ಸಮ ಬಂದರೆ ಬಲಗೈಯಲ್ಲಿ 8 ಅಥವಾ 10 ಕೆಜಿ ಹಿಡಿಯಿರಿ. ತೊಡೆಗೆ ಭಾರ ಸಿಗುತ್ತದೆ, ಟೊಂಕಕ್ಕೆ ಸಹಾಯ ಇರುತ್ತದೆ. ಅದಾದ ಮೇಲೆ ಎರಡೂ ಕೈ. ಕೊನೆಗೆ ಎಡಗೈ ಮಾತ್ರ, ಆಗ ತೂಕವನ್ನು ಅರ್ಧಕ್ಕೆ, 4 ಅಥವಾ 5 ಕೆಜಿಗೆ ಇಳಿಸಿ ಶುರುಮಾಡಿ. ಒಂದು ಸೆಟ್‌ನಲ್ಲಿ ಎರಡು ಸಲ ಟೊಂಕ ಜಾರಿತೋ, ಆ ಸೆಟ್ ಅಲ್ಲಿಗೇ ನಿಲ್ಲಿಸಿ. ದಣಿದ ಮೇಲೆ ಹಟಕ್ಕೆ ಬಿದ್ದು ಎಳೆದ ಸಲಗಳಲ್ಲಿ ದೇಹ ಕಲಿಯುವುದು ವಾಲುವುದನ್ನೇ. ಎಡಗಾಲಿಗೂ ಇಷ್ಟೇ ಮಾಡಿ, ಆದರೆ ಬಲಗಾಲು ಮೊದಲು. ಬಲಗಾಲು ಆರೇ ಸಲ ಮಾಡಿದರೆ ಎಡಗಾಲೂ ಆರೇ ಸಲ. 80 ಕೆಜಿ ಸ್ಕ್ವಾಟ್ ಬಿಡಬೇಕಾಗಿಲ್ಲ, ಇದಾದ ಮೇಲೆ ಮಾಡಿ.

ಮೊದಲ ಮೂರು ನಾಲ್ಕು ವಾರದಲ್ಲಿ ಕಾಣುವ ಸುಧಾರಣೆ ಹೆಚ್ಚಾಗಿ ನರಗಳದ್ದು, ಸ್ನಾಯುವನ್ನು ಸರಿಯಾದ ಹೊತ್ತಿಗೆ ಎಬ್ಬಿಸುವುದನ್ನು ಅವು ಕಲಿತಿರುತ್ತವೆ. ಸ್ನಾಯು ತಾನೇ ಗಟ್ಟಿಯಾಗಲು ಎರಡರಿಂದ ಮೂರು ತಿಂಗಳು ಬೇಕು. ಹಾಗಾಗಿ ಒಂದು ತಿಂಗಳಿಗೇ ಟೇಪು ಸಮ ಬಂತೆಂದು ಮೆಟ್ಟಿಲ ವ್ಯಾಯಾಮ ಬಿಟ್ಟರೆ ದೊಡ್ಡ ರೇಸಿನ ಏರಿನಲ್ಲಿ, ಸೀಟು ಬಿಟ್ಟೆದ್ದು ತುಳಿಯುವಾಗ, ಟೊಂಕ ಮತ್ತೆ ಜಾರುತ್ತದೆ.

ನಿಮಗೆ ನೋವಿಲ್ಲ ಎಂದಿದ್ದೀರಿ, ಅದಕ್ಕೇ ಇಷ್ಟು ಧೈರ್ಯವಾಗಿ ಬರೆದೆ. ಮುಂದೆ ಚಪ್ಪೆಯ ಹೊರಗಿನ ಗಟ್ಟಿ ಉಬ್ಬಿನ ಮೇಲೆ ಒತ್ತಿದರೆ ನೋವು, ಆ ಮಗ್ಗುಲಲ್ಲಿ ಮಲಗಲು ಆಗದ ಸ್ಥಿತಿ ಬಂದರೆ ಸ್ನಾಯುವಿನ ಕಂಡರ ಕೆರಳಿದೆ ಎಂದು ತಿಳಿಯಿರಿ. ಟೊಂಕ ಜಾರಿದಾಗಲೆಲ್ಲ ಆ ಕಂಡರ ಎಲುಬಿಗೆ ಒತ್ತಿಕೊಳ್ಳುತ್ತದೆ. ಆಗ ಮೆಟ್ಟಿಲ ವ್ಯಾಯಾಮದಲ್ಲಿ ಟೊಂಕವನ್ನು ಕೆಳಗೆ ಬಿಡುವುದು ನಿಲ್ಲಿಸಿ, ಸಮ ಹಿಡಿದು ನಿಲ್ಲುವುದಷ್ಟೇ ಮಾಡಿ, ಕಾಲ ಮೇಲೆ ಕಾಲು ಹಾಕಿ ಕೂರಬೇಡಿ. ತೊಡೆಸಂದಿಯಲ್ಲಿ ನೋವು, ರಾತ್ರಿ ಎಚ್ಚರಗೊಳಿಸುವ ನೋವು, ನಡೆಯುವಾಗಲೇ ಕುಂಟು, ಕಾಲಿನಲ್ಲಿ ಜೋಮು, ಅಥವಾ ಬಲಗಾಲ ಹೆಬ್ಬೆರಳನ್ನು ಮೇಲೆತ್ತಲು ಶಕ್ತಿ ಸಾಲದಂತೆ ಅನಿಸುವುದು, ಇವುಗಳಲ್ಲಿ ಒಂದಿದ್ದರೂ ವ್ಯಾಯಾಮ ಮುಂದುವರಿಸದೆ ಮೂಳೆ ವೈದ್ಯರಿಗೆ ತೋರಿಸಿ. ಈ ಸ್ನಾಯುವಿಗೆ ಬರುವ ನರದ ಎಳೆಗಳು ಸೊಂಟದ ಬೆನ್ನುಮೂಳೆಯ ಕೆಳಭಾಗದಿಂದ ಹೊರಡುತ್ತವೆ. ಅಲ್ಲಿ ಡಿಸ್ಕ್ ಒತ್ತುತ್ತಿದ್ದರೂ ಟೊಂಕ ಹೀಗೆಯೇ ಜಾರುತ್ತದೆ, ಆಗ ಎಷ್ಟು ಸ್ಪ್ಲಿಟ್ ಸ್ಕ್ವಾಟ್ ಹೊಡೆದರೂ ಸ್ನಾಯು ಏಳುವುದಿಲ್ಲ. ಎರಡು ತಿಂಗಳ ಅಭ್ಯಾಸದ ನಂತರವೂ 30 ಸೆಕೆಂಡಿನ ವಿಡಿಯೊ ಮೊದಲ ದಿನದ್ದರ ಹಾಗೆಯೇ ಇದ್ದರೆ, ನೋವಿಲ್ಲದಿದ್ದರೂ ಆ ಎರಡು ವಿಡಿಯೊ ತೆಗೆದುಕೊಂಡು ಫಿಸಿಯೊಥೆರಪಿಸ್ಟ್ ಹತ್ತಿರ ಹೋಗಿ.